ಕೊಡೋರು ಒಬ್ರು, ಕೊಡಿಸೋರು ಇನ್ನೊಬ್ರು

ಈ ವಾರ ಒಂದು ಚಾರಿಟಿ ಹರಾಜು ಆಯ್ತು, ಸ್ಕ್ರಿಪ್ಟ್ ಬರೆದಿದ್ದು ನಾನು, ಮೈಕ್ ಹಿಡಿದಿದ್ದು ನನ್ನ ಸ್ನೇಹಿತ. ಅಲ್ಲಿ ಅವನು ಒಬ್ಬ ಅಮ್ಮನಿಗೆ ಹೇಳಿದ ಒಂದು ಮಾತು ತಲೇಲಿ ಕೂತುಬಿಟ್ಟಿದೆ, ಎಷ್ಟು ಸಲ ನೆನಪಿಸ್ಕೊಂಡ್ರೂ ಸಾಕಾಗ್ತಿಲ್ಲ.

ಐಟಂ ಏನಪ್ಪ ಅಂದ್ರೆ ಕುಂಬಾರಿಕೆ ಪಾಠ. 4 ಜನ, 3 ಗಂಟೆ, ಕಲಾವಿದರೇ ಪಕ್ಕದಲ್ಲಿ ಕೂತು ಹೇಳ್ಕೊಡ್ತಾರೆ. ಇದನ್ನ ಹೀಗೇ ಪಟ್ಟಿ ಓದಿದ ಹಾಗೆ ಓದಿದ್ರೆ ಒಂದು ಕೈನೂ ಮೇಲೆ ಬರಲ್ಲ, ಅದು ಮೊದಲಿಂದ ನೋಡಿ ನೋಡಿ ಗೊತ್ತು. ಅದಕ್ಕೆ ಕಾರ್ಡಲ್ಲಿ ನಾನು ಬರೆದಿದ್ದು ಹೀಗೆ: "ಮನೇಲಿ ನಿಮ್ಮ ಮಾತು ಯಾರೂ ಕೇಳಲ್ವಾ? ಮಣ್ಣೂ ಕೇಳಲ್ಲ. ಆದ್ರೆ ಎದುರು ಮಾತಂತೂ ಆಡಲ್ಲ." ಜನ ನಕ್ರು. ನಗು ಇಳಿಯೋಕೆ ಮುಂಚೆ ಶರತ್ತುಗಳನ್ನ ಚೊಕ್ಕವಾಗಿ ಹೇಳಿಬಿಡ್ಬೇಕು, 6 ತಿಂಗಳೊಳಗೆ ಬರ್ಬೇಕು, ವಾರದ ದಿನಗಳಲ್ಲಿ ಮಾತ್ರ, ಮಾಡಿದ ಪಾತ್ರೆ ಅವತ್ತೇ ಕೈಗೆ ಸಿಗಲ್ಲ ಯಾಕಂದ್ರೆ ಅದು ಒಣಗಿ, ಬೆಂದು, ಬಣ್ಣ ಹಚ್ಚಿ ಮತ್ತೆ ಬೇಯ್ಬೇಕು. ಇದನ್ನ ಮುಚ್ಚಿಟ್ರೆ ಆಮೇಲೆ ಗೆದ್ದವರು ಬಂದು ಜಗಳ ಆಡ್ತಾರೆ, ನ್ಯಾಯವೇ. ಇಷ್ಟೆಲ್ಲ ಸೇರಿ ಅರ್ಧ ನಿಮಿಷ ದಾಟಬಾರದು, ದಾಟಿದ್ರೆ ಪಕ್ಕದವರ ಜೊತೆ ಮಾತು ಶುರುವಾಗುತ್ತೆ.

ಪಾಠದ ಬೆಲೆ ಸುಮಾರು 8 ಸಾವಿರ. ನಾವು ಶುರು ಮಾಡಿದ್ದು 3 ಸಾವಿರಕ್ಕೆ. ಖಜಾಂಚಿಗೆ ಇದು ಹಿಡಿಸಲೇ ಇಲ್ಲ, 8ಕ್ಕೇ ಶುರು ಮಾಡಿ, ನಷ್ಟ ಯಾಕೆ ಅಂತ ಅವರ ವಾದ. ಒಳ್ಳೆ ಮನುಷ್ಯ, ಲೆಕ್ಕ ಪಕ್ಕಾ, ಆದ್ರೆ ಜನ ಅಂದ್ರೆ ಏನು ಅಂತ ಪುಸ್ತಕದ ಅಂಕಿಯಲ್ಲೇ ನೋಡಿರೋರು. 3ಕ್ಕೆ ಶುರು ಮಾಡಿದ್ರೆ ಬೇಕೋ ಬೇಡ್ವೋ ಅಂತ ಕೂತಿರೋರೂ ಕೈ ಎತ್ತುತಾರೆ, ಒಂದ್ಸಲ ಎತ್ತಿದ ಕೈ ಎರಡನೇ ಸಲಕ್ಕೆ ಅಷ್ಟು ಭಾರ ಇರಲ್ಲ. 6ರ ತನಕ ಐನೂರು ಐನೂರು ಏರಿಸಿದ್ವಿ, ಅಷ್ಟರಲ್ಲಿ ಉಳಿದವರೆಲ್ಲ ಬಿಟ್ಟು ಇಬ್ರೇ ಉಳಿದ್ರು, ಮುಂದಿನ ಸಾಲಲ್ಲಿ ಒಬ್ಬ ಹುಡುಗ, ಹಿಂದೆ ಈ ಅಮ್ಮ. ಅಲ್ಲಿಂದ ಸಾವಿರ ಸಾವಿರ. ನನ್ನ ಸ್ನೇಹಿತ ಪ್ರತಿ ಸಲ ಈಗ ಎಷ್ಟಿದೆ, ಮುಂದೆ ಎಷ್ಟು ಬೇಕು ಅಂತ ಎರಡೇ ಅಂಕಿ ಹೇಳ್ತಿದ್ದ, "7 ಇದೆ, 8 ಯಾರು?", "8 ಇದೆ, 9?". ಯಾರು ಎಷ್ಟಕ್ಕೆ ಕೂಗಿದ್ರು ಅನ್ನೋದರಲ್ಲಿ ಒಂದು ಕ್ಷಣ ಗೊಂದಲ ಆದ್ರೂ ಓಟ ನಿಂತುಹೋಗುತ್ತೆ, ಜೋಕೆಲ್ಲ ಅಂಕಿ ಸ್ಪಷ್ಟ ಇದ್ದಾಗ ಮಾತ್ರ.

ಹುಡುಗ 11 ಅಂದ. ಅಮ್ಮ 12ಕ್ಕೆ ಕೈ ಎತ್ತಲಿಲ್ಲ.

ಇಂಥ ಕಡೆಗೆ ಅಂತ ಸಾಮಾನ್ಯವಾಗಿ ಇಟ್ಕೊಳ್ಳೋ ಸಾಲುಗಳಿವೆ, "ಇಷ್ಟು ದೂರ ಬಂದು ಬಿಟ್ಬಿಡ್ತೀರಾ", "ಮನೆಗೆ ಹೋದ್ಮೇಲೆ ನಿದ್ದೆ ಬರಲ್ಲ ನೋಡಿ" ಅಂತ. ಸಭೆ ನಗುತ್ತೆ, ಅವರು ನಾಚಿಕೆಗೆ ಇನ್ನೊಂದು ಸಾವಿರ ಏರಿಸ್ತಾರೆ, ಮುಂದಿನ ವರ್ಷ ಬರೋದೇ ಇಲ್ಲ. ಹರಾಜಾಗ್ಬೇಕಾಗಿರೋದು ವಸ್ತು, ಬಂದವರ ಮಾನ ಅಲ್ಲ. ಪಕ್ಕದಿಂದ ಖಜಾಂಚಿ ಕೈ ಸನ್ನೆ ಬೇರೆ, ಕೇಳು ಕೇಳು ಅಂತ. ಇವನು ಒಂದೇ ಸಲ ಕೇಳಿದ, "ಅಮ್ಮ, 12?"

ಅವರು ಅಂದ್ರು, "ಸಾಕಪ್ಪ, ಕೈ ನಡುಗೋಕೆ ಶುರುವಾಯ್ತು."

ಇವನು ಮೈಕ್ ಸ್ವಲ್ಪ ಇಳಿಸಿ, "ಅಮ್ಮ, ಆ 11 ಸಾವಿರ ಕೊಡ್ತಿರೋದು ಅವರು, ಆದ್ರೆ ಕೊಡಿಸಿದ್ದು ನೀವು" ಅಂದ.

ಸ್ಕ್ರಿಪ್ಟಲ್ಲಿ ಇರಲಿಲ್ಲ ಇದು. ಇಡೀ ಹಾಲ್ ಆ ಅಮ್ಮನ ಕಡೆ ತಿರುಗಿ ಚಪ್ಪಾಳೆ ಹೊಡೀತು, ಗೆದ್ದ ಹುಡುಗನೂ ಹೊಡೆದ. ನಿಜ ಅಲ್ವಾ ಯೋಚನೆ ಮಾಡಿ, ಅದಕ್ಕಿಂತ ಸ್ವಲ್ಪ ಮುಂಚೆ ಒಂದು ಚಂದದ ಚಿತ್ರ ಬಂದಿತ್ತು, ಇಷ್ಟಪಟ್ಟೋರು ಒಬ್ರೇ ಒಬ್ರು, ಮೊದಲ ಬೆಲೆಗೇ ಹೋಯ್ತು. ಅವರ ಮನಸ್ಸಲ್ಲಿ ಎಷ್ಟಿತ್ತೋ, ಇನ್ನೊಬ್ರು ಕೂಗದೆ ಅದು ಹೊರಗೆ ಬರಲ್ಲ. ಗೋಡೆ ಕಡೆ ನೋಡಿ ಯಾರೋ ಕೂಗಿದ ಹಾಗೆ ನಾಟಕ ಮಾಡೋ ನಿರೂಪಕರೂ ಇದ್ದಾರೆ, ಅದು ಮೋಸ, ಅದರ ಬದಲು ಕಡಿಮೆ ಬೆಲೆಗೆ ಕೊಟ್ಟು ಸುಮ್ನಿರೋದೇ ವಾಸಿ. ಅಂದ್ರೆ ಬೆಲೆ ಕಟ್ಟೋದು ಗೆದ್ದವರಲ್ಲ, ಸೋತವರು ಎಲ್ಲಿ ನಿಂತ್ರೋ ಅಲ್ಲಿಗಿಂತ ಒಂದು ಮೆಟ್ಟಿಲು ಮೇಲೆ ಅಷ್ಟೇ. ಆದ್ರೆ ಫೋಟೋ ಗೆದ್ದವರದ್ದು, ಥ್ಯಾಂಕ್ಸ್ ಗೆದ್ದವರಿಗೆ, ಇವರು ಬರಿಗೈಲಿ ಮನೆಗೆ.

ಆಮೇಲೆ ಅವನು ಮಾಡಿದ್ದು ಇನ್ನೂ ಚೆನ್ನಾಗಿತ್ತು. "ಒಂದು ಸಾರಿ, ಎರಡು ಸಾರಿ" ತನಕ ಬಂದು ನಿಲ್ಲಿಸಿ ಕಲಾವಿದರ ಕಡೆ ನೋಡಿದ. ಅವರು ಕನ್ನಡಕ ತೆಗೆದು ಕೈಲಿ ಹಿಡ್ಕೊಂಡ್ರು. ಇದು ಮೊದಲೇ ಮಾತಾಡಿಟ್ಟ ಗುರುತು, ಇನ್ನೊಂದು ತಂಡಕ್ಕೂ ಹೇಳ್ಕೊಡೋಕೆ ಒಪ್ಪಿಗೆ ಅಂತ. ಪಾಠನ ದಾನ ಕೊಟ್ಟಿರೋ ಕಲಾವಿದರನ್ನ ಸ್ಟೇಜ್ ಮೇಲಿಂದ ಎಲ್ಲರೆದುರು ಕೇಳೋದು ತಪ್ಪು, ಬೇಡ ಅನ್ನೋಕೆ ಅವರಿಗೆ ದಾರಿನೇ ಇರಲ್ಲ. ಎರಡು ಇದೆ ಅಂತ ಶುರುವಲ್ಲೇ ಹೇಳೋ ಹಾಗೂ ಇಲ್ಲ, ಕೂಗೋಕೆ ಆತುರವೇ ಇರಲ್ಲ ಆಗ. "ಇಬ್ರೂ ತಲಾ 10 ಕೊಟ್ರೆ ಇಬ್ರಿಗೂ ಪಾಠ" ಅಂದ. ಹುಡುಗನಿಗೂ 10ಕ್ಕೇ, ಅದು ಮುಖ್ಯ, ಅವನಿಗೆ 11, ಅಮ್ಮನಿಗೆ 10 ಅಂದಿದ್ರೆ ಗೆದ್ದು ಸೋತ ಹಾಗಾಗ್ತಿತ್ತು. 10 ಅನ್ನೋದು ಆ ಅಮ್ಮ ತಾವೇ ಕೂಗಿದ್ದ ಬೆಲೆ, ಹೊಸದಾಗಿ ಏನೂ ಒತ್ತಾಯ ಇಲ್ಲ. "ನಡುಗೋ ಕೈಗೂ ಕಲಿಸ್ತಾರಾ?" ಅಂತ ಕೇಳಿ ಒಪ್ಕೊಂಡ್ರು. ಒತ್ತಾಯ ಮಾಡಿ 12 ಮಾಡಿಸಿದ್ರೆ ಬರ್ತಿದ್ದಿದ್ದು ಒಂದು ಸಾವಿರ ಹೆಚ್ಚು, ಈಗ ಒಟ್ಟು 20. ಖಜಾಂಚಿ ಮುಖ ನೋಡ್ಬೇಕಿತ್ತು.

ಎಲ್ಲದಕ್ಕೂ ಹೀಗೆ ಆಗಲ್ಲ ಬಿಡಿ, ಚಿತ್ರ ಒಂದೇ ಇರುತ್ತೆ. ಅಂಥ ಸೋತವರಿಗೆ ಅಂತಲೇ ಇದೆ ಅನ್ನಿಸೋದು ನೇರ ದೇಣಿಗೆಯ ಸುತ್ತು, ವಸ್ತು ಇಲ್ಲ, ಉದ್ದೇಶಕ್ಕೆ ಸುಮ್ನೆ ಕೊಡೋದು. ಇದನ್ನ ಜನ ಎದ್ದು ಹೋಗೋಕೆ ಮುಂಚೆ, ದೊಡ್ಡ ಐಟಂಗಳಾದ ತಕ್ಷಣ ಇಟ್ಟಿದ್ವಿ, ಮನಸ್ಸಲ್ಲೇ ಖರ್ಚು ಮಾಡಿ ಆಗಿರೋ ದುಡ್ಡು ಇನ್ನೂ ಜೇಬಲ್ಲೇ ಇರುತ್ತಲ್ಲ ಅದಕ್ಕೆ. ಇಲ್ಲಿ ಮೇಲಿಂದ ಕೆಳಗೆ ಇಳಿಬೇಕು, 25 ಸಾವಿರ ಯಾರು, ಆಮೇಲೆ 10, 5, 2, 1. ಕೆಳಗಿಂದ ಹತ್ತಿದ್ರೆ ದೊಡ್ಡದು ಕೊಡೋರೂ ಒಂದಕ್ಕೇ ಕೈ ಎತ್ತಿ ಮುಗಿಸಿಬಿಡ್ತಾರೆ. 10 ಅಂದಾಗ ಎದ್ದ ಕೈಗಳಲ್ಲಿ ಹೆಚ್ಚಿನವು ಅವತ್ತು ಏನೋ ಒಂದನ್ನ ಸೋತವರದ್ದೇ. ಅವರನ್ನ ಮುಂಚೆ ಗೇಲಿ ಮಾಡಿದ್ದಿದ್ರೆ ಆ ಕೈಗಳು ಎದ್ದಿರ್ತಿದ್ವಾ ಅಂತ ನನಗಂತೂ ಅನುಮಾನ.

ಬಿಡ್ ಬರ್ಕೊಳ್ಳೋ ಹಾಳೇಲಿ ಗೆದ್ದವರ ನಂಬರ್ ಮಾತ್ರ ಇರ್ತಿತ್ತು, ಮುಂದಿನ ಸಲಕ್ಕೆ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿದೀನಿ, ಕೊನೆಗೆ ಬಿಟ್ಟವರ ನಂಬರ್ ಮತ್ತೆ ಅವರು ನಿಂತ ಮೊತ್ತ. ಖಜಾಂಚಿ ಕೇಳಿದ್ರು, ದುಡ್ಡು ಕೊಡದೆ ಇರೋರ ನಂಬರ್ ಯಾಕ್ರೀ ನಮಗೆ ಅಂತ. ಗೆದ್ದವರು ದುಡ್ಡು ಕಟ್ಟದೆ ಹಿಂದೆ ಸರಿದ್ರೆ ಇವರನ್ನ ಕೇಳಬಹುದು ಅಂದೆ, ಒಪ್ಪಿದ್ರು. ಥ್ಯಾಂಕ್ಸ್ ಪತ್ರ ಅವರಿಗೂ ಹೋಗ್ಲಿ ಅಂದಿದ್ದಕ್ಕೆ, ಅಂಚೆ ಖರ್ಚು ಯಾರ ಲೆಕ್ಕಕ್ಕೆ ಬರ್ಕೊಳ್ಲಿ ಅಂತಿದ್ದಾರೆ.