ರಿಸಲ್ಟ್ ಹೊತ್ತಿಗೆ ನನ್ನ ಪ್ರೋಗ್ರಾಂ ಯಾಕೆ ಕೈ ಕಟ್ಟಿ ಕೂರುತ್ತದೆ?

"ರಿಸಲ್ಟ್ ದಿನ ಶೇರು ಅಷ್ಟು ಓಡುತ್ತೆ, ನಿಮ್ಮ ಪ್ರೋಗ್ರಾಂ ಮಾತ್ರ ಆ ವಾರ ಕೊಳ್ಳೋದೇ ಇಲ್ಲ. ಸ್ಟಾಪ್‌ಲಾಸ್ ಇದ್ದೇ ಇದೆಯಲ್ಲ, ಮತ್ತೆ ಯಾಕೆ ಭಯ? ಯಾವ ದಿನ ಬಿಡಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ನನ್ನ ಪ್ರೋಗ್ರಾಂ ತಾನಾಗಿ ಶೇರು ಕೊಂಡು ಮಾರುತ್ತದೆ. ರಿಸಲ್ಟ್ ಅಂದರೆ ಕಂಪನಿಯ ಮೂರು ತಿಂಗಳ ಲಾಭ-ನಷ್ಟದ ಲೆಕ್ಕ. ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಅಂತ ಮೊದಲೇ ಕೊಟ್ಟಿಡುವ ಆದೇಶವೇ ಸ್ಟಾಪ್‌ಲಾಸ್. ಅದು ಕೆಲಸ ಮಾಡುವುದು ಮಾರುಕಟ್ಟೆ ತೆರೆದಿರುವಾಗ ಮಾತ್ರ. ಹಲವು ದೊಡ್ಡ ಕಂಪನಿಗಳ ರಿಸಲ್ಟ್ ಮಧ್ಯಾಹ್ನ 3:30ಕ್ಕೆ ಮಾರುಕಟ್ಟೆ ಮುಚ್ಚಿದ ನಂತರ ಬರುತ್ತದೆ, ಕೆಲವು ಶನಿವಾರ ಬರುತ್ತವೆ. ಬೆಲೆ ರಾತ್ರೋರಾತ್ರಿ ಜಿಗಿಯುತ್ತದೆ. ನಡುವೆ ನಿಮ್ಮ ಸ್ಟಾಪ್‌ಲಾಸ್ ಬೆಲೆಗೆ ಕೊಳ್ಳುವವರೇ ಇರುವುದಿಲ್ಲ.

ನಮ್ಮ ಬೆಂಗಳೂರಿನ ಇನ್ಫೋಸಿಸ್ ಉದಾಹರಣೆಯನ್ನೇ ನೋಡಿ. 2023ರ ಏಪ್ರಿಲ್ 13, ಗುರುವಾರ, ಶೇರು ಸುಮಾರು 1,390 ರೂಪಾಯಿಗೆ ಮುಗಿಯಿತು. ರಿಸಲ್ಟ್ ಬಂದದ್ದು ಆಮೇಲೆ. ಶುಕ್ರವಾರ ಅಂಬೇಡ್ಕರ್ ಜಯಂತಿ ರಜೆ, ಆಮೇಲೆ ಶನಿವಾರ, ಭಾನುವಾರ. ಸೋಮವಾರ ಶೇರು ಶೇ. 9ಕ್ಕೂ ಜಾಸ್ತಿ ಬಿದ್ದು 1,260ರ ಆಸುಪಾಸಿನಲ್ಲಿ ಮುಗಿಯಿತು. ನಿಮ್ಮ ಹತ್ತಿರ 100 ಶೇರು ಇದ್ದು, ಶೇ. 3ಕ್ಕೆ ಸ್ಟಾಪ್‌ಲಾಸ್ ಹಾಕಿದ್ದೀರಿ ಅಂದುಕೊಳ್ಳಿ. ಸುಮಾರು 4,200 ರೂಪಾಯಿ ಹೋಗಬಹುದು ಅಂತ ಲೆಕ್ಕ ಹಾಕಿರುತ್ತೀರಿ. 1,260ಕ್ಕೆ ಮಾರಾಟವಾದರೆ ಹೋಗುವುದು 13,000. ಅದೇ ಶೇರು ಮೇಲಕ್ಕೂ ಜಿಗಿಯಬಹುದಿತ್ತು, ನಿಜ. ಆದರೆ ನನ್ನ ಪ್ರೋಗ್ರಾಂ ಬೆಲೆಯ ಓಟ ನೋಡಿ ಕೊಳ್ಳುವಂಥದ್ದು. ರಿಸಲ್ಟ್‌ನಲ್ಲಿ ಏನಿದೆ ಅಂತ ಅದಕ್ಕೆ ಏನೂ ಗೊತ್ತಿಲ್ಲ. ಗೊತ್ತಿಲ್ಲದ ವಿಷಯಕ್ಕೆ ದುಡ್ಡು ಹಾಕಬಾರದು ಅನ್ನುವುದು ನನ್ನ ನಿಲುವು.

ಇನ್ನು ದಿನ ಗೊತ್ತಾಗುವ ಬಗೆ. ರಿಸಲ್ಟ್‌ಗೆ ಬೋರ್ಡ್ ಮೀಟಿಂಗ್ ಯಾವತ್ತು ಅಂತ ಕಂಪನಿಗಳು ಎಕ್ಸ್‌ಚೇಂಜ್‌ಗೆ ಮೊದಲೇ ತಿಳಿಸಬೇಕು. ಆ ಪಟ್ಟಿಯೇ ನನ್ನ ಕ್ಯಾಲೆಂಡರ್. ಪ್ರೋಗ್ರಾಂ ವಾರದ ದಿನಗಳಲ್ಲಿ ಬೆಳಿಗ್ಗೆ 8:30ಕ್ಕೆ ತಾನಾಗಿ ಎದ್ದು, ಮೊದಲು ಈ ಪಟ್ಟಿ ಇಳಿಸಿಕೊಳ್ಳುತ್ತದೆ. ಕೊಳ್ಳುವ ಯೋಚನೆ ಆಮೇಲೆ.

ಜಾಸ್ತಿ ಜನ ಎಡವುವುದು ಇಲ್ಲೇ. "ಇವತ್ತು ರಿಸಲ್ಟ್ ಇದೆಯಾ?" ಅಂತ ಕೇಳಿದರೆ ಸಾಲದು. ಕೊಂಡ ಶೇರು ನನ್ನ ಹತ್ತಿರ 5 ದಿನ ಇರುತ್ತದೆ. ಹಾಗಾಗಿ ಆ 5 ದಿನಗಳೊಳಗೆ ರಿಸಲ್ಟ್ ಬೀಳುತ್ತದಾ ಅಂತ ಕೇಳಬೇಕು. ಎಣಿಕೆ ವಹಿವಾಟಿನ ದಿನಗಳ ಮೇಲೆಯೇ ಆಗಬೇಕು.

```python
i = bisect_left(days, result)
blocked = days[i-4 : i+2]
```

`days` ಅಂದರೆ ರಜೆಗಳನ್ನು ತೆಗೆದ ವಹಿವಾಟಿನ ದಿನಗಳ ಪಟ್ಟಿ, `result` ಅಂದರೆ ರಿಸಲ್ಟ್ ತಾರೀಕು, `blocked` ಅಂದರೆ ಕೊಳ್ಳಬಾರದ ದಿನಗಳು. ಆ ತಾರೀಕು ಪಟ್ಟಿಯಲ್ಲಿ ಎಲ್ಲಿ ಬರುತ್ತದೆ ಅಂತ `bisect_left` ಹುಡುಕುತ್ತದೆ. ಇನ್ಫೋಸಿಸ್‌ಗೆ ಇದನ್ನು ಹಾಕಿದರೆ ಏಪ್ರಿಲ್ 6, 10, 11, 12, 13, 17, ಈ ಆರು ದಿನ ಬಾಗಿಲು ಮುಚ್ಚುತ್ತದೆ. 7ನೇ ತಾರೀಕು ಗುಡ್ ಫ್ರೈಡೇ ರಜೆ, ಅದಕ್ಕೇ ಪಟ್ಟಿಯಲ್ಲಿಲ್ಲ. ಸುಮ್ನೆ ತಾರೀಕಿಗೆ ಒಂದು ಕೂಡಿಸಿ ಬಿಡುಗಡೆ ಮಾಡಿದ್ದರೆ, 14ಕ್ಕೇ ತಡೆ ಮುಗಿದು ಸೋಮವಾರ ಬೆಳಿಗ್ಗೆ, ಆ ಗಲಾಟೆಯ ಮಧ್ಯೆಯೇ, ಪ್ರೋಗ್ರಾಂ ಕೊಳ್ಳಲು ಹೋಗುತ್ತಿತ್ತು. ರಿಸಲ್ಟ್ ಶನಿವಾರ ಬಂದರೆ `bisect_left` ಮುಂದಿನ ವಹಿವಾಟಿನ ದಿನವನ್ನು ಹಿಡಿಯುತ್ತದೆ, ಕೈಯಲ್ಲಿ ಏನೂ ತಿದ್ದಬೇಕಿಲ್ಲ.

ಕೆಲವು ಕಂಪನಿಗಳು ಕೆಲವೇ ದಿನ ಮುಂಚೆ ತಾರೀಕು ಹೇಳುತ್ತವೆ. ಅಷ್ಟರಲ್ಲಿ ನಾನು ಕೊಂಡಿರುತ್ತೇನೆ. ಅದಕ್ಕೇ ದಿನವೂ ಕೈಯಲ್ಲಿರುವ ಶೇರುಗಳನ್ನೂ ಹೊಸ ಪಟ್ಟಿಗೆ ಹೋಲಿಸಬೇಕು. ತಾರೀಕು ಹೊಸದಾಗಿ ಕಂಡರೆ, ರಿಸಲ್ಟ್‌ನ ಹಿಂದಿನ ವಹಿವಾಟಿನ ದಿನವೇ ಮಾರಿ ಹೊರಬರುತ್ತೇನೆ. ಲಾಭವೋ ನಷ್ಟವೋ, ಆ ಹೊತ್ತಿಗೆ ನೋಡುವುದಿಲ್ಲ.

ನನಗೆ ಒಮ್ಮೆ ನಿಜವಾಗಿ ಪೆಟ್ಟು ಕೊಟ್ಟದ್ದು ಬೇರೆಯೇ ಒಂದು ತಪ್ಪು. ಮಹೀಂದ್ರದ ಸಂಕೇತ `M&M`. ವೆಬ್ ವಿಳಾಸದೊಳಗೆ `&` ಅಂದರೆ ಮುಂದಿನ ವಿವರ ಶುರುವಾಯಿತು ಅಂತ ಅರ್ಥ. ನಾನು ಅದನ್ನು `M%26M` ಅಂತ ಬರೆದಿರಲಿಲ್ಲ. ಆ ಕಡೆ ಬರೀ `M` ತಲುಪಿತು, ಖಾಲಿ ಪಟ್ಟಿ ವಾಪಸ್ ಬಂತು. ನನ್ನ ಪ್ರೋಗ್ರಾಂ ಖಾಲಿ ಅಂದರೆ "ರಿಸಲ್ಟ್ ಇಲ್ಲ" ಅಂದುಕೊಂಡು ರಿಸಲ್ಟ್ ಮುನ್ನಾದಿನ ಶೇರು ಕೊಂಡುಬಿಟ್ಟಿತು. ಎಲ್ಲೂ ಎರರ್ ಕಾಣಿಸಲಿಲ್ಲ.

ಈಗ ಒಂದು ಪರೀಕ್ಷೆ ಇಟ್ಟಿದ್ದೇನೆ. ಲಿಸ್ಟ್ ಆದ ಕಂಪನಿ ವರ್ಷಕ್ಕೆ 4 ಸಲ ರಿಸಲ್ಟ್ ಕೊಡಲೇಬೇಕು. ಮಾರ್ಚ್ ಲೆಕ್ಕಕ್ಕೆ 60 ದಿನ, ಉಳಿದ ಮೂರಕ್ಕೆ 45 ದಿನ ಗಡುವು. ಹಾಗಾಗಿ ಒಂದು ಶೇರಿಗೆ ಹಿಂದಿನ 150 ದಿನಗಳಲ್ಲಿ ಒಂದೂ ರಿಸಲ್ಟ್ ಕಾಣದಿದ್ದರೆ ಮಾಹಿತಿಯೇ ಕೆಟ್ಟಿದೆ ಅಂತ ಲೆಕ್ಕ. ಆ ಶೇರಿನ ಖರೀದಿ ಅವತ್ತು ನಿಲ್ಲುತ್ತದೆ, ನನ್ನ ಫೋನಿಗೆ ಮೆಸೇಜ್ ಬರುತ್ತದೆ. ಇಡೀ ಪಟ್ಟಿಯೇ ಇಳಿಯದಿದ್ದರೆ ಅವತ್ತು ಹೊಸ ಖರೀದಿ ಒಂದೂ ಇಲ್ಲ.

ಬೆಲೆ ತೆರಬೇಕಾದದ್ದೂ ಇದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನ ಎರಡನೇ ವಾರದಿಂದ ನನ್ನ ಪಟ್ಟಿಯ ಶೇರುಗಳು ಒಂದೊಂದಾಗಿ ತಡೆಯೊಳಗೆ ಹೋಗುತ್ತವೆ, ದುಡ್ಡು ಖಾತೆಯಲ್ಲೇ ಬಿದ್ದಿರುತ್ತದೆ. ಮತ್ತೆ, ದಿಢೀರ್ ರಾಜೀನಾಮೆ, ದಾಳಿ, ದಂಡ ಇಂಥವು ಯಾವ ಕ್ಯಾಲೆಂಡರ್‌ನಲ್ಲೂ ಇರುವುದಿಲ್ಲ. ಅವಕ್ಕೆ ಇರುವ ಉಪಾಯ ಒಂದೇ, ಒಂದೇ ಶೇರಿಗೆ ಜಾಸ್ತಿ ದುಡ್ಡು ಹಾಕದಿರುವುದು.