ಕೊನೆಯ ಹಾಜರಿ ಜುಲೈ 1ಕ್ಕೆ ಇರಲಿ

“ಸರ್, ಆಗಸ್ಟ್ ಕೊನೆಗೆ ನಿವೃತ್ತಿ. ಎರಡು ತಿಂಗಳು ಮೊದಲೇ ರಜೆ ಹಾಕಿ ಮುಂಬೈ ಬಿಡಬಹುದೇ? ದುಡ್ಡು ಎಷ್ಟು ಹೋಗುತ್ತದೆ?”

ಬಿಡಬಹುದು. ದುಡ್ಡು ಎಷ್ಟು ಹೋಗುತ್ತದೆ ಎಂಬುದು ಅರ್ಜಿಯಲ್ಲಿ ಯಾವ ರಜೆಯ ಹೆಸರು ಬರೆಯುತ್ತೀರಿ ಎಂಬುದರ ಮೇಲಿದೆ. ಹಳೆಯ ಪಿಂಚಣಿ ಯೋಜನೆಯಲ್ಲಿರುವ ಕೇಂದ್ರ ಸರ್ಕಾರಿ ನೌಕರರಿಗಷ್ಟೇ ಈ ಲೆಕ್ಕ. ಮಹಾರಾಷ್ಟ್ರ ಸರ್ಕಾರದವರು ತಮ್ಮ ನಿಯಮ ನೋಡಿಕೊಳ್ಳಬೇಕು.

ಕಳೆದ ವಾರ ಡೊಂಬಿವಲಿಯ ಮಿತ್ರರೊಬ್ಬರು ಸೇವಾ ಪುಸ್ತಕದ ರಜೆ ಲೆಕ್ಕದ ಪ್ರತಿ ಹಿಡಿದು ಬಂದಿದ್ದರು. ಅವರ ನಿವೃತ್ತಿ 2026ರ ಆಗಸ್ಟ್ 31. ಗಳಿಕೆ ರಜೆ 300 ದಿನ ತುಂಬಿದೆ, ಅರ್ಧವೇತನ ರಜೆಯೂ ಧಾರಾಳವಾಗಿದೆ. ಮೂಲವೇತನ 68,000, ಜುಲೈ 1ರ ವಾರ್ಷಿಕ ವೇತನ ಬಡ್ತಿಗೆ 70,000 ಆಗುತ್ತದೆ. ಜುಲೈ 2ರಿಂದ ಆಗಸ್ಟ್ 31ರವರೆಗೆ 61 ದಿನ ಗಳಿಕೆ ರಜೆ ಹಾಕಿದರೆ ಸಂಬಳವೇನೋ ಪೂರ್ತಿ ಬರುತ್ತದೆ. ಆದರೆ ಜುಲೈ, ಆಗಸ್ಟ್‌ಗೆ ಹೊಸದಾಗಿ ಜಮೆಯಾಗುವ 5 ದಿನ ಬಿಟ್ಟು, ಕೊನೆಗೆ ನಗದಾಗಬೇಕಿದ್ದ 56 ದಿನ ಕರಗುತ್ತವೆ. ಮೂಲವೇತನದಲ್ಲೇ ಸುಮಾರು 1,31,000 ರೂಪಾಯಿ ಹೋಯಿತು, ತುಟ್ಟಿಭತ್ಯೆ ಬೇರೆ. ಸರ್ಕಾರಿ ನೌಕರರ ನಗದೀಕರಣಕ್ಕೆ ಆದಾಯ ತೆರಿಗೆಯಿಲ್ಲ ಎಂಬುದನ್ನು ನೆನೆದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ.

ಅದೇ 61 ದಿನ ಅರ್ಧವೇತನ ರಜೆ ಹಾಕಿದರೆ ಕೈಬಿಡುವುದು ಸುಮಾರು 69,000 ಮತ್ತು ಅದರ ಮೇಲಿನ ತುಟ್ಟಿಭತ್ಯೆ. ಆಗಸ್ಟ್‌ನ ಸಾರಿಗೆ ಭತ್ಯೆ ಎರಡು ರಜೆಯಲ್ಲೂ ಸಿಗದು. ಗಳಿಕೆ ರಜೆ 300 ಇರುವವರಿಗೆ ಅರ್ಧವೇತನ ರಜೆ ಹೇಗೂ ನಗದಾಗುವುದಿಲ್ಲ, ಪುಸ್ತಕದಲ್ಲಿ ಕೊಳೆಯುತ್ತದೆ. 300ಕ್ಕೆ ಕಡಿಮೆ ಇದ್ದರೆ ಮಾತ್ರ ಆ ಕೊರತೆಯನ್ನು ತುಂಬಲು ಅದು ಬೇಕಾಗುತ್ತದೆ.

ಅರ್ಧ ಸಂಬಳ ಪಡೆದರೆ ಪಿಂಚಣಿಯೂ ಅರ್ಧವಾದೀತೆಂದು ಅವರ ಮನೆಯವರಿಗೆ ದಿಗಿಲಾಗಿತ್ತು. ಹಾಗಾಗುವುದಿಲ್ಲ. ಕೆಲಸದಲ್ಲಿದ್ದಿದ್ದರೆ ಎಷ್ಟು ವೇತನ ಬರುತ್ತಿತ್ತೋ ಅದನ್ನೇ ಪಿಂಚಣಿಗೆ ಹಿಡಿಯುತ್ತಾರೆ.

ನಿಜವಾದ ತೊಡಕು ವೇತನ ಬಡ್ತಿಯದು. ಮಿತ್ರರಿಗೆ ಜೂನ್ ಮಧ್ಯದಲ್ಲೇ ಕಾರವಾರಕ್ಕೆ ಹೊರಡುವ ಆಸೆ. ರಜೆಯ ನಡುವೆ ಬಂದ ಬಡ್ತಿ ಕೆಲಸಕ್ಕೆ ಮರಳಿದ ಮೇಲಷ್ಟೇ ಕೈಗೆ ಸಿಗುತ್ತದೆ. ಇಲ್ಲಿ ಮರಳುವ ಮಾತೇ ಇಲ್ಲ. ಗಳಿಕೆ ರಜೆಯ ಮೊದಲ 120 ದಿನಗಳೊಳಗೆ ಬಡ್ತಿ ಬಿದ್ದರೆ, ಪಡೆಯದಿದ್ದರೂ ಅದನ್ನು ಪಿಂಚಣಿಗೆ ಸೇರಿಸುತ್ತಾರೆ. ಅರ್ಧವೇತನ ರಜೆಗೆ ಆ ರಿಯಾಯಿತಿ ಇಲ್ಲ. ಪಿಂಚಣಿ 35,000ದ ಬದಲು 34,000ಕ್ಕೆ ನಿಲ್ಲುತ್ತದೆ, ಅದೂ ಬದುಕಿನುದ್ದಕ್ಕೂ. ಗ್ರಾಚ್ಯುಟಿಗೂ ಪೆಟ್ಟು. ಎರಡು ವಾರದ ಲೋಕಲ್ ರೈಲಿನ ನೂಕುನುಗ್ಗಲು ತಪ್ಪಿಸಿಕೊಳ್ಳಲು ಇದು ದುಬಾರಿ ಬೆಲೆ.

ಹಾಗಾಗಿ ಜುಲೈ 1ರ ಬುಧವಾರ ಕಚೇರಿಗೆ ಹೋಗಿ ಸಹಿ ಮಾಡಿ, ಸಂಜೆ ಅಧಿಕಾರ ವಹಿಸಿಕೊಟ್ಟು ಹೊರಡಿ ಎಂದೆ. ಅರ್ಜಿಯಲ್ಲಿ ರಜೆಯ ಬಗೆಯನ್ನು ಸ್ಪಷ್ಟವಾಗಿ ಬರೆಯಬೇಕು; ಬರೀ ‘ನಿವೃತ್ತಿಪೂರ್ವ ರಜೆ’ ಎಂದು ಬಿಟ್ಟರೆ ಗುಮಾಸ್ತರು ಗಳಿಕೆ ರಜೆಯಿಂದ ಕಳೆದುಬಿಡಬಹುದು. ಅವಧಿ ಆಗಸ್ಟ್ 31ನ್ನೂ ಒಳಗೊಂಡಿರಬೇಕು. ಕೊನೆಯ ದಿನ ಹಾರ ಹಾಕಿಸಿಕೊಳ್ಳಲು ಬೇಕಾದರೆ ಬರಲಿ, ಹಾಜರಿ ಪುಸ್ತಕದ ಹತ್ತಿರ ಸುಳಿಯುವುದು ಬೇಡ.