ಪೀಣ್ಯದ ಕಾರ್ಖಾನೆಯ ಮೂರು ಕಂಪ್ರೆಸರ್‌ಗಳಿಗೆ ಒಂದು ಪಿಎಲ್‌ಸಿ: ಆರು ವಾರಗಳ ಕೆಲಸದ ಟಿಪ್ಪಣಿ

ಮೊದಲ ವಾರ

ನಮ್ಮ ಕಾರ್ಖಾನೆಯಲ್ಲಿ ಮೂರು ಸ್ಕ್ರೂ ಕಂಪ್ರೆಸರ್‌ಗಳಿವೆ. ಎರಡು 37 ಕಿಲೋವ್ಯಾಟ್‌ನವು, ನಿಮಿಷಕ್ಕೆ ತಲಾ 6 ಘನ ಮೀಟರ್ ಗಾಳಿ ಕೊಡುತ್ತವೆ. ಮೂರನೆಯದು 22 ಕಿಲೋವ್ಯಾಟ್‌ನದು, 3.5 ಘನ ಮೀಟರ್ ಕೊಡುತ್ತದೆ. ಇದುವರೆಗೆ ಪ್ರತಿಯೊಂದೂ ತನ್ನದೇ ಸೆಟ್ಟಿಂಗ್‌ನಂತೆ ನಡೆಯುತ್ತಿತ್ತು. ಮೊದಲ ದೊಡ್ಡ ಯಂತ್ರ 6.8 ಬಾರ್‌ನಲ್ಲಿ ಲೋಡ್ ಆಗಿ 7.4ರಲ್ಲಿ ಅನ್‌ಲೋಡ್ ಆಗಬೇಕು, ಎರಡನೆಯದು 6.5ರಿಂದ 7.1, ಚಿಕ್ಕದು 6.2ರಿಂದ 6.8, ಹೀಗೆ ಮೆಟ್ಟಿಲಿನಂತೆ ಇಟ್ಟಿದ್ದರು.

ಈ ಮೆಟ್ಟಿಲಿನ ದೋಷ ನನಗೆ ಸ್ಪಷ್ಟವಾದದ್ದು ಒಂದು ರಾತ್ರಿಯ ಒತ್ತಡದ ದಾಖಲೆಯನ್ನು ನೋಡಿದಾಗ. ಹಗಲಿನಲ್ಲಿ ಮೂರೂ ಯಂತ್ರಗಳು ದುಡಿಯುವಾಗ ಒತ್ತಡ ಕೆಳಗಿನ ಮೆಟ್ಟಿಲಿನಲ್ಲಿರುತ್ತದೆ. ರಾತ್ರಿ ಬೇಡಿಕೆ ಇಳಿದಂತೆ ಒಂದೊಂದೇ ಯಂತ್ರ ಬಿಟ್ಟುಕೊಡುತ್ತ ಬಂದು ಕೊನೆಗೆ ಮೇಲಿನ ಮೆಟ್ಟಿಲೇ ಉಳಿಯುತ್ತದೆ. ಅಂದರೆ ಗಾಳಿ ಯಾರಿಗೂ ಬೇಡವಾದ ಹೊತ್ತಿನಲ್ಲೇ ಪೈಪಿನಲ್ಲಿ ಅತಿ ಹೆಚ್ಚು ಒತ್ತಡ. ಸೋರಿಕೆಯ ರಂಧ್ರದಿಂದ ಹೋಗುವ ಗಾಳಿ ನಿರಪೇಕ್ಷ ಒತ್ತಡಕ್ಕೆ ಅನುಪಾತವಾಗಿ ಹೆಚ್ಚುವುದರಿಂದ, ಸೋರಿಕೆಯೂ ಆಗಲೇ ಅತಿ ಹೆಚ್ಚು.

ಎರಡನೆಯ ಮತ್ತು ಮೂರನೆಯ ವಾರ

ಡ್ರೈಯರ್ ಮತ್ತು ಫಿಲ್ಟರ್ ದಾಟಿದ ಮೇಲೆ, ಹೆಡರ್ ಪೈಪಿನ ಆರಂಭದಲ್ಲಿ, 0–10 ಬಾರ್‌ನ ಒಂದು ಟ್ರಾನ್ಸ್‌ಮಿಟರ್ ಕೂರಿಸಿದೆವು. ಲೋಡ್ ಮಾಡುವ ಆದೇಶ ಇನ್ನು ಪಿಎಲ್‌ಸಿಯ ರಿಲೇಗಳಿಂದ ಹೋಗುತ್ತದೆ. ಮೂರಕ್ಕೂ ಒಂದೇ ಬ್ಯಾಂಡ್: 6.2ರಿಂದ 6.8. ಒಂದು ಸಮಯದಲ್ಲಿ ಒಂದೇ ಯಂತ್ರ ಈ ಬ್ಯಾಂಡಿನೊಳಗೆ ಲೋಡ್, ಅನ್‌ಲೋಡ್ ಆಗುತ್ತದೆ. ಉಳಿದವು ಪೂರ್ಣ ಲೋಡಿನಲ್ಲಿರಬೇಕು ಅಥವಾ ನಿಂತಿರಬೇಕು.

ಮೊದಲ ದಿನವೇ ಒಂದು ತೊಡಕು ಎದುರಾಯಿತು. ಪಿಎಲ್‌ಸಿ ಲೋಡ್ ಎಂದು ಹೇಳುತ್ತಿದ್ದರೂ ದೊಡ್ಡ ಯಂತ್ರವೊಂದು ತಾನಾಗಿ ಅನ್‌ಲೋಡ್ ಆಗುತ್ತಿತ್ತು. ಅದರ ಒಳಗಿನ ಸೆನ್ಸರ್ ಫಿಲ್ಟರ್‌ಗಿಂತ ಹಿಂದೆ ಇದೆ, ಪೂರ್ಣ ಹರಿವಿನಲ್ಲಿ ಅದು ಹೆಡರ್‌ಗಿಂತ 0.3 ಬಾರ್ ಹೆಚ್ಚು ತೋರಿಸುತ್ತದೆ, ಹಾಗಾಗಿ ಹೆಡರ್‌ನಲ್ಲಿ 7.1 ತಲುಪಬೇಕಾದ್ದು 6.8ಕ್ಕೇ ತನ್ನ ಮಿತಿ ಮುಟ್ಟಿತೆಂದು ಅದು ತಿಳಿಯುತ್ತಿತ್ತು. ಮೂರೂ ಯಂತ್ರಗಳ ಒಳಗಿನ ಮಿತಿಯನ್ನು 7.5ಕ್ಕೆ ಏರಿಸಿದೆವು, ಅದು ಅವುಗಳ ಫಲಕದಲ್ಲಿ ಬರೆದ ಗರಿಷ್ಠ ಒತ್ತಡಕ್ಕಿಂತ ಕಡಿಮೆಯೇ. ಪಿಎಲ್‌ಸಿ ಕೆಟ್ಟರೆ ರಿಲೇ ಬಿಟ್ಟುಕೊಂಡು ಯಂತ್ರಗಳು ಲೋಕಲ್‌ಗೆ ಮರಳುವಂತೆ ವೈರಿಂಗ್ ಮಾಡಿದ್ದೇವೆ. ಇದನ್ನು ನಾನು ಯಾವ ಕಾರಣಕ್ಕೂ ಬಿಡುವುದಿಲ್ಲ.

ಮುಂದಿನ ಪ್ರಶ್ನೆ, ನಿಂತ ಯಂತ್ರವನ್ನು ಯಾವಾಗ ಕರೆಯಬೇಕು ಎಂಬುದು. ಆದೇಶ ಕೊಟ್ಟಾಗಿನಿಂದ ಗಾಳಿ ಬರುವವರೆಗೆ ನಮ್ಮ ಯಂತ್ರಗಳಿಗೆ 20 ಸೆಕೆಂಡ್ ಬೇಕು. ಗ್ರಿಟ್ ಬ್ಲಾಸ್ಟಿಂಗ್ ಶುರುವಾದರೆ ನಿಮಿಷಕ್ಕೆ 3 ಘನ ಮೀಟರ್ ಕೊರತೆ ಬೀಳುತ್ತದೆ. ಟ್ಯಾಂಕು, ಪೈಪು ಎಲ್ಲ ಸೇರಿದ 4 ಘನ ಮೀಟರ್ ಗಾತ್ರದಲ್ಲಿ ಒತ್ತಡ ನಿಮಿಷಕ್ಕೆ ಸುಮಾರು 0.68 ಬಾರ್‌ನಂತೆ, ಎಂದರೆ 20 ಸೆಕೆಂಡಿನಲ್ಲಿ 0.23 ಬಾರ್ ಇಳಿಯುತ್ತದೆ. ಆದ್ದರಿಂದ ಇಳಿತದ ವೇಗ ನೋಡಿಯೇ ಕರೆಯುವ ನಿಯಮ ಬರೆದೆ. ಇಲ್ಲಿ `P_MIN` 6.0 ಬಾರ್, `T_START` 20 ಸೆಕೆಂಡ್, `DPDT` ಸೆಕೆಂಡಿಗೆ ಎಷ್ಟು ಬಾರ್ ಎಂಬ ಲೆಕ್ಕ.

```
IF (P - P_MIN) < (-DPDT * T_START) THEN
  CALL_NEXT := TRUE;
END_IF;
```

ಇಳಿತದ ವೇಗವನ್ನು ಮೊದಲು ಒಂದು ಸೆಕೆಂಡಿನ ವ್ಯತ್ಯಾಸದಿಂದ ತೆಗೆದದ್ದು ನನ್ನ ತಪ್ಪು. ಒಂದು ಸೆಕೆಂಡಿನಲ್ಲಿ ಆಗುವ ನಿಜವಾದ ಇಳಿತ 0.01 ಬಾರ್‌ನಷ್ಟೇ, ಅದು ಸಂಕೇತದ ಗದ್ದಲದಲ್ಲಿ ಮುಚ್ಚಿಹೋಗಿ ಕಾರಣವಿಲ್ಲದೆ ಯಂತ್ರಗಳು ಶುರುವಾಗುತ್ತಿದ್ದವು. 10 ಸೆಕೆಂಡಿನ ಅಂತರಕ್ಕೆ ಬದಲಿಸಿದ ಮೇಲೆ ಅದು ನಿಂತಿತು. ಯಂತ್ರೋಪಕರಣಗಳ ಅಲಾರಂ 5.5 ಬಾರ್‌ನಲ್ಲಿದೆ; ಬ್ಲಾಸ್ಟಿಂಗ್ ಶುರುವಾದ ಗಳಿಗೆಯಲ್ಲೂ ಹೆಡರ್ 5.9ಕ್ಕಿಂತ ಕೆಳಗೆ ಹೋಗಿಲ್ಲ.

ನಾಲ್ಕನೆಯ ವಾರ: ಹೊಂದದ ಎರಡು ಲೆಕ್ಕಗಳು

ಭಾನುವಾರ ಕೆಲಸವಿಲ್ಲದಾಗ ಸೋರಿಕೆಯನ್ನು ಅಳೆಯಲು ಪಿಎಲ್‌ಸಿಯಲ್ಲಿ ಎರಡು ವಿಧಾನ ಇಟ್ಟೆ. ಮೊದಲನೆಯದರಲ್ಲಿ ಚಿಕ್ಕ ಯಂತ್ರವೊಂದನ್ನೇ ಬ್ಯಾಂಡಿನಲ್ಲಿ ಓಡಿಸಿ, ಎಷ್ಟು ಹೊತ್ತು ಲೋಡ್, ಎಷ್ಟು ಹೊತ್ತು ಅನ್‌ಲೋಡ್ ಎಂದು ನೋಡುತ್ತದೆ. ಸರಾಸರಿ 83 ಸೆಕೆಂಡ್ ಲೋಡ್, 99 ಸೆಕೆಂಡ್ ಅನ್‌ಲೋಡ್ ಬಂತು. 83ನ್ನು 182ರಿಂದ ಭಾಗಿಸಿ 3.5ರಿಂದ ಗುಣಿಸಿದರೆ ನಿಮಿಷಕ್ಕೆ 1.6 ಘನ ಮೀಟರ್ ಸೋರಿಕೆ.

ಎರಡನೆಯದರಲ್ಲಿ ಎಲ್ಲ ಯಂತ್ರ ನಿಲ್ಲಿಸಿ, ಒತ್ತಡ 6.8ರಿಂದ 5.8ಕ್ಕೆ ಇಳಿಯುವ ಕಾಲವನ್ನು ಅಳೆಯುತ್ತದೆ. ಅದು 165 ಸೆಕೆಂಡ್ ಆಯಿತು.

```
LEAK := V_SYS * (P1 - P2) / (P_ATM * T_SEC / 60.0);
```

ಇದರ ಉತ್ತರ 1.44. ಶೇಕಡ 10ರ ಈ ಅಂತರ ಪ್ರತಿ ಸಲವೂ ಒಂದೇ ಕಡೆಗೆ ಇದ್ದದ್ದರಿಂದ ಇದು ಅಳತೆಯ ಏರುಪೇರಲ್ಲ ಎಂದು ಖಚಿತವಾಯಿತು. ಟ್ಯಾಂಕಿನ ಗಾತ್ರ ತಪ್ಪಿರಬಹುದೆಂದು ಹೆಡರ್ ಪೈಪಿನ ಉದ್ದವನ್ನು ಟೇಪ್ ಹಿಡಿದು ಮತ್ತೆ ಅಳೆದೆವು. 4 ಘನ ಮೀಟರ್ ಸರಿಯಾಗಿಯೇ ಇತ್ತು. ಕಾರಣ ಸಿಕ್ಕಿದ್ದು `P_ATM`ನಲ್ಲಿ. ಅಲ್ಲಿ ನಾನು ಅಭ್ಯಾಸದಿಂದ 1.013 ಬರೆದಿದ್ದೆ, ಅದು ಸಮುದ್ರಮಟ್ಟದ ಬೆಲೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾಯುಭಾರ ಸುಮಾರು 0.91 ಬಾರ್. ಕಂಪ್ರೆಸರ್‌ನ 3.5 ಘನ ಮೀಟರ್ ಎಂಬುದು ಅದು ಒಳಗೆಳೆದುಕೊಳ್ಳುವ ಇಲ್ಲಿನ ತೆಳು ಗಾಳಿಯ ಲೆಕ್ಕ. ಸೋರಿಹೋದದ್ದನ್ನೂ ಅದೇ ಗಾಳಿಯಲ್ಲಿ ಎಣಿಸಿದರೆ ಮಾತ್ರ ಎರಡನ್ನೂ ಹೋಲಿಸಬಹುದು. 0.91 ಹಾಕಿದ ಕೂಡಲೆ ಉತ್ತರ 1.6ಕ್ಕೆ ಬಂದು ನಿಂತಿತು. ಕರಾವಳಿಯ ಕಾರ್ಖಾನೆಗಾಗಿ ಬರೆದ ಪ್ರೋಗ್ರಾಮನ್ನು ಹಾಗೆಯೇ ತಂದು ಬಳಸುವವರಿಗೂ ಈ ತಪ್ಪು ಕಾದಿರುತ್ತದೆ, ಎರಡು ವಿಧಾನಗಳಿಂದ ಅಳೆಯದಿದ್ದರೆ ಅದು ಗೊತ್ತೇ ಆಗುವುದಿಲ್ಲ.

ಐದನೆಯ ಮತ್ತು ಆರನೆಯ ವಾರ

ಒಂದು ಭಾನುವಾರದ ಇಳಿತದ ಗೆರೆಯಲ್ಲಿ ನಡುವೆ ಕಡಿದಾದ ಒಂದು ಮೆಟ್ಟಿಲು ಕಂಡಿತು. ಸೋರಿಕೆಯಿಂದಾಗುವ ಇಳಿತ ನಯವಾಗಿರುತ್ತದೆ, ಒಮ್ಮೆಲೇ ಕುಸಿಯುವುದಿಲ್ಲ. ಹಿರಿಯ ಫಿಟ್ಟರ್‌ಗೆ ತೋರಿಸಿದಾಗ ಅವರು, “ಸಾರ್, ಅದು ಲೀಕೇಜ್ ಅಲ್ಲ, ಟ್ಯಾಂಕಿನ ಡ್ರೈನ್ ವಾಲ್ವ್ ಟೈಮರ್ ಮೇಲೆ ತೆರೆದದ್ದು” ಎಂದರು. ಈಗ ಪರೀಕ್ಷೆ ನಡೆಯುವಾಗ ಪಿಎಲ್‌ಸಿ ಡ್ರೈನ್ ವಾಲ್ವುಗಳನ್ನು ತಡೆಹಿಡಿಯುತ್ತದೆ.

ನಂತರ ವಿಭಾಗಗಳ ಬಾಲ್ ವಾಲ್ವುಗಳನ್ನು ಒಂದೊಂದಾಗಿ ಮುಚ್ಚಿ ಅದೇ ಪರೀಕ್ಷೆ ಮಾಡಿದೆವು. ಪ್ರತಿ ಸಲ ಮುಚ್ಚಿದ ಭಾಗದ ಪೈಪಿನ ಗಾತ್ರವನ್ನು `V_SYS`ನಿಂದ ಕಳೆಯಬೇಕಾಗುತ್ತದೆ. ಬ್ಲಾಸ್ಟಿಂಗ್ ಮತ್ತು ಜೋಡಣೆ ವಿಭಾಗಗಳ ಪಾಲೇ ಹೆಚ್ಚಿತ್ತು. ಸವೆದ ಕ್ವಿಕ್ ಕಪ್ಲರ್‌ಗಳು, ಬಿರುಕು ಬಿಟ್ಟ ಹೋಸ್‌ಗಳು ಮತ್ತು ಒಂದು ರೆಗ್ಯುಲೇಟರ್‌ನ ಬಟ್ಟಲನ್ನು ಬದಲಿಸಿದ ಮೇಲೆ ಅದೇ ಒಂದು ಬಾರ್ ಇಳಿಯಲು 290 ಸೆಕೆಂಡ್ ಬೇಕಾಯಿತು, ಎಂದರೆ ಸೋರಿಕೆ ನಿಮಿಷಕ್ಕೆ 0.91 ಘನ ಮೀಟರ್.

ಈ ಉಳಿದದ್ದೆಲ್ಲ ಸೋರಿಕೆಯಲ್ಲ. ಎರಡು ಯಂತ್ರಗಳಲ್ಲಿ ಸ್ಪಿಂಡಲ್‌ಗೆ ಹೋಗುವ ಪರ್ಜ್ ಗಾಳಿ ವಿದ್ಯುತ್ ಇಲ್ಲದಾಗಲೂ ಹರಿಯುತ್ತದೆ, ಅದು ಬೇಕಾದ ಬಳಕೆ. ಅವುಗಳ ಕೈವಾಲ್ವ್ ಮುಚ್ಚಿ ಒಮ್ಮೆ ಅಳೆದು, ಬಂದ ವ್ಯತ್ಯಾಸವನ್ನು ಸ್ಥಿರಸಂಖ್ಯೆಯಾಗಿ ಕಳೆಯುವುದು ಮುಂದಿನ ಭಾನುವಾರದ ಕೆಲಸ. ಅದಾದ ಮೇಲೆ, ಸತತ ಎರಡು ಭಾನುವಾರ 1.2 ದಾಟಿದರೆ ಮಾತ್ರ ಪರದೆಯ ಮೇಲೆ ಎಚ್ಚರಿಕೆ ಮೂಡುವಂತೆ ಇಡಲಿದ್ದೇನೆ. ಯಾರೋ ತೆರೆದು ಮರೆತ ಏರ್ ಗನ್ನಿಗೆಲ್ಲ ಅಲಾರಂ ಬಂದರೆ ಆಪರೇಟರ್‌ಗಳು ಅದನ್ನು ನೋಡುವುದನ್ನೇ ಬಿಡುತ್ತಾರೆ.